ಹೆಸರು ನೋಡಿ ಕೊಟ್ಟ ಕೆಲಸ, ಹೆಸರೇ ಹೊರಟರೆ?

ಆರ್.ಟಿ. ನಗರದಲ್ಲಾಗಲಿ, ಯಲಹಂಕ ಉಪನಗರದಲ್ಲಾಗಲಿ ಪಿಯುಸಿ ಓದುವ ಮಕ್ಕಳಿಗೆ ಟ್ಯೂಷನ್ ಹುಡುಕಿಕೊಂಡು ಹೊರಟ ತಂದೆ ತಾಯಿ ಮೊದಲು ಕೇಳುವುದು ಫೀಸಿನ ಮಾತನ್ನಲ್ಲ. ‘ಫಿಸಿಕ್ಸ್ ಯಾರು ತಗೋತಾರೆ?’ ಎಂದು ಕೇಳುತ್ತಾರೆ. ಹೆಸರು ಒಪ್ಪಿಗೆಯಾದರೆ ಉಳಿದದ್ದಕ್ಕೆ ಹೆಚ್ಚು ಚೌಕಾಸಿ ಇಲ್ಲ. ಜೂನ್‌ನಲ್ಲಿ ಆ ಮೇಷ್ಟ್ರ ಹೆಸರು ನಂಬಿ ವರ್ಷದ ಹಣ ಕಟ್ಟಿದ್ದಾಯಿತು. ದಸರಾ ರಜೆ ಮುಗಿಸಿ ಹೋದರೆ ಹಲಗೆಯ ಮುಂದೆ ಇನ್ಯಾರೋ ನಿಂತಿದ್ದಾರೆ. ಕಚೇರಿಯಲ್ಲಿ ವಿಚಾರಿಸಿದರೆ ‘ಇವರೂ ಎಂ.ಎಸ್ಸಿ. ಸಾರ್, ಅವರಿಗಿಂತ ಚೆನ್ನಾಗೇ ಮಾಡ್ತಾರೆ’ ಎಂಬ ಉತ್ತರ. ಮನೆಗೆ ಬಂದು ರಸೀದಿ ತೆಗೆದು ನೋಡಿದರೆ ಅದರಲ್ಲಿ ಸಂಸ್ಥೆಯ ಹೆಸರಿದೆ, ಮೊತ್ತವಿದೆ, ಕಟ್ಟಿದ ಹಣ ವಾಪಸಿಲ್ಲ ಎಂಬ ಸಾಲೂ ಇದೆ. ಮೇಷ್ಟ್ರ ಹೆಸರು ಮಾತ್ರ ಎಲ್ಲಿಯೂ ಇಲ್ಲ.

ಇದೇ ಪ್ರಶ್ನೆಯನ್ನು ಕೋಟಿಗಟ್ಟಲೆ ರೂಪಾಯಿಯ ಲೆಕ್ಕದಲ್ಲಿ ಕೇಳುವವರೂ ಇದ್ದಾರೆ. ಮೇಲ್ಸೇತುವೆ, ಮೆಟ್ರೊ, ಹೆದ್ದಾರಿ, ಒಳಚರಂಡಿ ಇವುಗಳನ್ನು ಕಟ್ಟಿಸುವ ಸರ್ಕಾರಿ ಇಲಾಖೆಗಳು ಮತ್ತು ನಿಗಮಗಳು ವಿನ್ಯಾಸಕ್ಕೆ, ಮೇಲ್ವಿಚಾರಣೆಗೆ ಸಲಹಾ ಸಂಸ್ಥೆಗಳನ್ನು ನೇಮಿಸಿಕೊಳ್ಳುತ್ತವೆ. ಆಗ ಅವು ಸಂಸ್ಥೆಯ ಬೋರ್ಡು ನೋಡಿ ತೃಪ್ತಿಪಡುವುದಿಲ್ಲ. ತಂಡದ ನಾಯಕ ಯಾರು, ಸೇತುವೆ ಎಂಜಿನಿಯರ್ ಯಾರು, ಮಣ್ಣಿನ ತಜ್ಞ ಯಾರು ಎಂದು ಹೆಸರು ಹಿಡಿದು ಕೇಳುತ್ತವೆ. ಹಾಗೆ ಕೇಳಿ ಪಡೆದ ಹೆಸರುಗಳನ್ನು ಕರಾರಿನಲ್ಲಿ ಬರೆಸಿಕೊಂಡು, ನಮ್ಮ ಲಿಖಿತ ಒಪ್ಪಿಗೆಯಿಲ್ಲದೆ ಇವರನ್ನು ಬದಲಾಯಿಸಕೂಡದು ಎಂದು ಕಟ್ಟುಹಾಕುತ್ತವೆ. ಗುತ್ತಿಗೆಯ ಭಾಷೆಯಲ್ಲಿ ಇದು ‘ಕೀ ಪರ್ಸನೆಲ್’ ಷರತ್ತು. ಮುಖ್ಯ ತಜ್ಞರ ಷರತ್ತು ಎನ್ನಬಹುದು. ಟ್ಯೂಷನ್ ರಸೀದಿಯಲ್ಲಿ ಇಲ್ಲದ ಸಾಲು ಇದೇ.

ಆದರೆ ಆ ಸಾಲು ಇದ್ದ ಮಾತ್ರಕ್ಕೆ ಮನುಷ್ಯ ಉಳಿಯುತ್ತಾನೆಯೇ?

ಹೆಬ್ಬಾಳದಲ್ಲಿ ಒಂದು ಕೆಲಸ

ಹೆಬ್ಬಾಳದ ಕೂಡುರಸ್ತೆಯನ್ನು ಬಲ್ಲವರಿಗೆ ಅಲ್ಲಿ ಕೆಲಸ ಮಾಡುವುದು ಎಷ್ಟು ತಲೆನೋವು ಎಂದು ವಿವರಿಸಬೇಕಾಗಿಲ್ಲ. ಒಂದು ಮಗ್ಗುಲಲ್ಲಿ ಕೆರೆ, ಇನ್ನೊಂದು ಕಡೆ ರೈಲು ಹಳಿ, ನಡುವೆ ಹಳೆಯ ಮೇಲ್ಸೇತುವೆಯ ಸುತ್ತುಗಳು, ಕೆಳಗೆ ಹೊರವರ್ತುಲ ರಸ್ತೆ ಬಳ್ಳಾರಿ ರಸ್ತೆಯನ್ನು ಸಂಧಿಸುವ ಗಲಾಟೆ. ಇದರ ನಡುವೆಯೇ ಕೆ.ಆರ್. ಪುರದಿಂದ ಹೆಬ್ಬಾಳ, ಯಲಹಂಕದ ಮೂಲಕ ವಿಮಾನ ನಿಲ್ದಾಣಕ್ಕೆ ಹೋಗುವ ಮೆಟ್ರೊ ಮಾರ್ಗಕ್ಕೆ 2021ರ ಏಪ್ರಿಲ್‌ನಲ್ಲಿ ಕೇಂದ್ರ ಸಚಿವ ಸಂಪುಟ ಒಪ್ಪಿಗೆ ಕೊಟ್ಟಿತು. ಸಿಲ್ಕ್ ಬೋರ್ಡ್ ಕಡೆಯ ಮಾರ್ಗವೂ ಸೇರಿದ ಈ ಯೋಜನೆಗೆ ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕ್ 50 ಕೋಟಿ ಡಾಲರ್ ಸಾಲ ಮಂಜೂರು ಮಾಡಿದ್ದು 2020ರಲ್ಲಿ. ಇಂಥ ಸಾಲದ ಜೊತೆಗೆ ಸಲಹಾ ಸಂಸ್ಥೆಗಳನ್ನು ಹೇಗೆ ಆರಿಸಬೇಕು, ಅವುಗಳ ತಜ್ಞರನ್ನು ಹೇಗೆ ಕಟ್ಟಿಹಾಕಬೇಕು ಎಂಬ ನಿಯಮಗಳೂ ಬರುತ್ತವೆ.

ಷರತ್ತು ಹೇಗೆ ಕೆಲಸ ಮಾಡುತ್ತದೆಂದು ತಿಳಿಯಲು ಇಂಥ ಜಾಗದಲ್ಲಿ ಒಂದು ಮೇಲ್ಸೇತುವೆಯ ಕೆಲಸವನ್ನು ಕಲ್ಪಿಸಿಕೊಳ್ಳೋಣ. ಕಟ್ಟುವ ಕಂಟ್ರಾಕ್ಟರ್ ಬೇರೆ. ಆತ ಕಟ್ಟಿದ ಕಂಬಿ ಸರಿಯಿದೆಯೇ, ಕಾಂಕ್ರೀಟ್ ಹಾಕಬಹುದೇ, ಬಿಲ್ಲಿಗೆ ಸಹಿ ಮಾಡಬಹುದೇ ಎಂದು ನೋಡುವ ಮೇಲ್ವಿಚಾರಣಾ ಸಂಸ್ಥೆ ಬೇರೆ. 30 ತಿಂಗಳ ಈ ಮೇಲ್ವಿಚಾರಣೆಗೆ ಇಲಾಖೆ ಟೆಂಡರ್ ಕರೆದಿದೆ. ಸ್ಪರ್ಧೆಯಲ್ಲಿ ಎರಡು ಸಂಸ್ಥೆಗಳಿವೆ. ‘ಅ’ ಮತ್ತು ‘ಆ’ ಎಂದು ಕರೆದರೆ ಸಾಕು.

ಕಡಿಮೆ ರೇಟು ಕೊಟ್ಟವನಿಗೇ ಕೆಲಸ ಎಂಬ ನಿಯಮ ಸಿಮೆಂಟು, ಕಬ್ಬಿಣಕ್ಕೆ ಸರಿ. ಬುದ್ಧಿಯ ಕೆಲಸಕ್ಕೆ ಗುಣಮಟ್ಟ ಮತ್ತು ಬೆಲೆ ಎರಡಕ್ಕೂ ಅಂಕ ಕೊಟ್ಟು ಕೂಡುವ ಪದ್ಧತಿ ಇದೆ. ಕೇಂದ್ರ ಸರ್ಕಾರದ ಹಣಕಾಸು ನಿಯಮಗಳ ಪ್ರಕಾರ ಗುಣಮಟ್ಟದ ಪಾಲು ಶೇ 80ನ್ನು ಮೀರುವಂತಿಲ್ಲ. ನಮ್ಮ ಇಲಾಖೆ 70 ಮತ್ತು 30 ಎಂದು ನಿಗದಿ ಮಾಡಿದೆ ಎನ್ನೋಣ. ಗುಣಮಟ್ಟದ 100 ಅಂಕಗಳಲ್ಲಿ ಸಂಸ್ಥೆಯ ಅನುಭವಕ್ಕೆ 10, ಕೆಲಸದ ವಿಧಾನಕ್ಕೆ 30, ಹೆಸರಿಸಿದ ತಜ್ಞರಿಗೆ 60. ಇದೇನೂ ಉತ್ಪ್ರೇಕ್ಷೆಯಲ್ಲ. ವಿಶ್ವಬ್ಯಾಂಕಿನ ಮಾದರಿ ಟೆಂಡರ್ ದಾಖಲೆಯಲ್ಲಿ ತಜ್ಞರಿಗೆ 30ರಿಂದ 60 ಅಂಕಗಳನ್ನು ಇಡಬಹುದು. ಸಂಸ್ಥೆಯ ಅನುಭವಕ್ಕೆ ಇರುವುದು ಹೆಚ್ಚೆಂದರೆ 10. ಅಂದರೆ ಸಂಸ್ಥೆ ಎಷ್ಟೇ ಹಳೆಯದಾಗಿರಲಿ, ಅದು ಯಾರನ್ನು ಕಳಿಸುತ್ತದೆ ಎಂಬುದೇ ತೂಕದ ಮಾತು.

ಅನುಭವದಲ್ಲಿ ಎರಡು ಸಂಸ್ಥೆಗಳಿಗೂ 8, ವಿಧಾನದಲ್ಲಿ 24. ತಜ್ಞರ 60ರಲ್ಲಿ 20 ತಂಡದ ನಾಯಕನಿಗೆ ಮೀಸಲು. ಉಳಿದ ತಜ್ಞರಿಗೆ ಎರಡೂ ಕಡೆ 35 ಸಿಕ್ಕಿತು. ವ್ಯತ್ಯಾಸವಾದದ್ದು ನಾಯಕನಲ್ಲಿ. ‘ಅ’ ಕೊಟ್ಟ ಹೆಸರು ನಗರದೊಳಗೆ, ವಾಹನ ಸಂಚಾರ ನಿಲ್ಲಿಸದೆ ಹಲವು ಮೇಲ್ಸೇತುವೆ ಕಟ್ಟಿಸಿದ ಒಬ್ಬ ಹಿರಿಯರದು. ಅವರಿಗೆ 19 ಅಂಕ. ‘ಆ’ ಕೊಟ್ಟ ಎಂಜಿನಿಯರ್‌ಗೆ 12. ಒಟ್ಟಿನಲ್ಲಿ ‘ಅ’ಗೆ 86, ‘ಆ’ಗೆ 79. ಇನ್ನು ಬೆಲೆ. ‘ಅ’ ಕೇಳಿದ್ದು 4 ಕೋಟಿ, ‘ಆ’ ಕೇಳಿದ್ದು 3 ಕೋಟಿ 60 ಲಕ್ಷ. ಕಡಿಮೆ ಕೇಳಿದ ‘ಆ’ಗೆ ಪೂರ್ತಿ 100, ‘ಅ’ಗೆ ಅದೇ ಪ್ರಮಾಣದಲ್ಲಿ 90.

ಈಗ ಕೂಡಿಸಿದರೆ ‘ಅ’ಗೆ ಗುಣಮಟ್ಟದಿಂದ 60.2, ಬೆಲೆಯಿಂದ 27, ಒಟ್ಟು 87.2. ‘ಆ’ಗೆ 55.3 ಮತ್ತು 30, ಒಟ್ಟು 85.3. ಎರಡು ಅಂಕವೂ ಇಲ್ಲದ ಅಂತರದಲ್ಲಿ ‘ಅ’ ಗೆದ್ದಿತು. ಇಲಾಖೆ 40 ಲಕ್ಷ ರೂಪಾಯಿ ಹೆಚ್ಚು ಕೊಡಲು ಒಪ್ಪಿದ್ದು ಆ ಹಿರಿಯರಿಗಾಗಿ. ಅವರ ಜಾಗದಲ್ಲಿ 16 ಅಂಕದ ಒಬ್ಬರಿದ್ದಿದ್ದರೂ ‘ಅ’ಯ ಒಟ್ಟು ಅಂಕ 85.1ಕ್ಕೆ ಇಳಿದು ಕೆಲಸ ಕೈತಪ್ಪುತ್ತಿತ್ತು. ಇಷ್ಟನ್ನು ನೆನಪಿಟ್ಟುಕೊಂಡರೆ ಮುಂದಿನ ಜಗಳವೆಲ್ಲ ತಾನಾಗಿ ಅರ್ಥವಾಗುತ್ತದೆ.

ಹಿರಿಯರ ರಾಜೀನಾಮೆ

ಕೆಲಸ ಶುರುವಾಗಿ ಹತ್ತು ತಿಂಗಳು. ಕೆರೆಯ ಬದಿಯ ಪೈಲ್‌ಗಳು ಮುಗಿದು ಕಂಬಗಳು ಮೇಲೇಳುತ್ತಿವೆ. ಹಿರಿಯರಿಗೆ ಬೇರೊಂದು ಊರಿನ ದೊಡ್ಡ ಯೋಜನೆಯಿಂದ ಕರೆ ಬಂತು. ಸಂಬಳ ಹೆಚ್ಚು, ಮಗಳ ಮನೆಯೂ ಅಲ್ಲೇ. ಅವರು ತಮ್ಮ ಸಂಸ್ಥೆಗೆ ರಾಜೀನಾಮೆ ಕೊಟ್ಟರು. ಸಂಸ್ಥೆ ಇಲಾಖೆಗೆ ಪತ್ರ ಬರೆಯಿತು.

ಇಲಾಖೆಯ ಅಧಿಕಾರಿಗೆ ಸಿಟ್ಟು ಬರುವುದು ಸಹಜ. ‘ಕರಾರಿನಲ್ಲಿ ಹೆಸರಿದೆಯಲ್ರೀ, ಹೇಗೆ ಬಿಡ್ತೀರಿ?’ ಎಂದು ಸಂಸ್ಥೆಯ ನಿರ್ದೇಶಕರನ್ನು ಕೇಳುತ್ತಾರೆ. ‘ನಾವು ಬಿಡ್ತಿಲ್ಲ ಸಾರ್, ಅವರೇ ಹೋಗ್ತಿದಾರೆ’ ಎನ್ನುತ್ತಾರೆ ನಿರ್ದೇಶಕರು. ಇಬ್ಬರೂ ಹೇಳುತ್ತಿರುವುದು ನಿಜವೇ. ತೊಡಕು ಇರುವುದೇ ಇಲ್ಲಿ.

ಕಾನೂನು ಓದುವ ವಿದ್ಯಾರ್ಥಿಗಳು 1872ರ ಭಾರತೀಯ ಕರಾರು ಕಾಯಿದೆಯ 40ನೇ ಕಲಮಿನಲ್ಲಿ ಒಂದು ಚಿತ್ರಕಾರನ ಉದಾಹರಣೆಯನ್ನು ನೋಡಿರುತ್ತಾರೆ. ಚಿತ್ರ ಬರೆದುಕೊಡುತ್ತೇನೆಂದು ಒಬ್ಬ ಮಾತು ಕೊಟ್ಟರೆ ಅವನೇ ಬರೆಯಬೇಕು, ಬೇರೆಯವನ ಕೈಯಲ್ಲಿ ಬರೆಸುವಂತಿಲ್ಲ. ಹಣ ಕೊಡುತ್ತೇನೆಂದು ಮಾತು ಕೊಟ್ಟಿದ್ದರೆ ಬೇರೆಯವರ ಕೈಯಲ್ಲಿ ಕಳಿಸಬಹುದು. ವ್ಯಕ್ತಿಯ ಕೈಚಳಕವನ್ನೇ ನಂಬಿದ ಕರಾರು ಬೇರೆ, ಯಾರು ಮಾಡಿದರೂ ನಡೆಯುವ ಕರಾರು ಬೇರೆ ಎಂಬ ಭೇದ ಇಷ್ಟು ಹಳೆಯದು.

ಹೆಬ್ಬಾಳದ ಹಿರಿಯರು ಆ ಚಿತ್ರಕಾರನಂತೆ ಕಾಣುತ್ತಾರೆ. ಆದರೆ ಒಂದು ವ್ಯತ್ಯಾಸ ಇದೆ. ಮಾತು ಕೊಟ್ಟವರು ಅವರಲ್ಲ, ಅವರ ಸಂಸ್ಥೆ. ಇಲಾಖೆ ಮತ್ತು ಸಂಸ್ಥೆಯ ನಡುವಿನ ಕರಾರಿಗೆ ಹಿರಿಯರು ಕಕ್ಷಿಯೇ ಅಲ್ಲ. ಅವರನ್ನು ಕಟ್ಟಿಹಾಕಿರುವುದು ಸಂಸ್ಥೆಯೊಂದಿಗಿನ ನೌಕರಿಯ ಪತ್ರ. ಅದರಲ್ಲಿ ಒಂದೋ ಮೂರೋ ತಿಂಗಳ ನೋಟಿಸಿನ ಮಾತಿರುತ್ತದೆ, ಅಷ್ಟೆ. ನೋಟಿಸ್ ಕೊಡದೆ ಹೋದರೆ ಸಂಸ್ಥೆ ಆ ಅವಧಿಯ ಸಂಬಳ ಕೇಳಬಹುದು. ಬಂದು ದುಡಿಯಲೇಬೇಕು ಎಂದು ನ್ಯಾಯಾಲಯವೂ ಹೇಳುವುದಿಲ್ಲ. ವ್ಯಕ್ತಿಯ ಸ್ವಂತ ಅರ್ಹತೆಯನ್ನೇ ಅವಲಂಬಿಸಿದ ಕರಾರನ್ನು ಬಲವಂತವಾಗಿ ಜಾರಿ ಮಾಡಿಸಲಾಗದು ಎಂದು 1963ರ ನಿರ್ದಿಷ್ಟ ಪರಿಹಾರ ಕಾಯಿದೆ ಹೇಳುತ್ತದೆ. ನೌಕರಿ ಬಿಟ್ಟ ಮೇಲೆ ಮತ್ತೊಂದು ಸಂಸ್ಥೆಗೆ ಹೋಗಬಾರದೆಂಬ ಷರತ್ತೂ ಕರಾರು ಕಾಯಿದೆಯ 27ನೇ ಕಲಮಿನ ಮುಂದೆ ನಿಲ್ಲುವುದಿಲ್ಲ.

ಹೀಗಾಗಿ ಮುಖ್ಯ ತಜ್ಞರ ಷರತ್ತಿಗೆ ತಜ್ಞನನ್ನು ಹಿಡಿದಿಡುವ ಶಕ್ತಿ ಇಲ್ಲ. ಅದು ಹಿಡಿಯುವುದು ಸಂಸ್ಥೆಯನ್ನು. ತಜ್ಞ ಹೋದರೆ ಯಾವ ಕಾರಣಕ್ಕೆ ಹೋದರೆ ಒಪ್ಪುತ್ತೇವೆ, ಅವನ ಜಾಗಕ್ಕೆ ಎಂಥವನನ್ನು ತರಬೇಕು, ಅದಕ್ಕಾಗಿ ಎಷ್ಟು ಹಣ ಕಡಿತವಾಗುತ್ತದೆ ಎಂದು ಮೊದಲೇ ಬರೆದಿಡುತ್ತದೆ.

ಹೋದವನಿಂದ ಲಾಭವಾಗಬಾರದು

ವಿಶ್ವಬ್ಯಾಂಕಿನ ಮಾದರಿ ಕರಾರಿನ ಮಾತು ಸರಳ. ಸಂಸ್ಥೆಯ ಹಿಡಿತ ಮೀರಿದ ಕಾರಣವಿರಬೇಕು. ಸಾವು ಮತ್ತು ಅನಾರೋಗ್ಯವನ್ನು ಅದು ಉದಾಹರಣೆಯಾಗಿ ಹೆಸರಿಸುತ್ತದೆ. ಸಂಸ್ಥೆ ಬರೆದು ಕೇಳಬೇಕು. ಬದಲಿಗೆ ಬರುವವನ ವಿದ್ಯಾರ್ಹತೆ, ಅನುಭವ ಹೋದವನಿಗೆ ಸಮನಾಗಿರಬೇಕು ಅಥವಾ ಹೆಚ್ಚಿರಬೇಕು. ಬದಲಿ ಬಂದನೆಂದು ಹೆಚ್ಚು ಶುಲ್ಕ ಕೇಳುವಂತಿಲ್ಲ. ರಾಜೀನಾಮೆ ಸಂಸ್ಥೆಯ ಹಿಡಿತ ಮೀರಿದ ಕಾರಣವೇ ಎಂಬಲ್ಲಿ ವಾದ ಏಳುತ್ತದೆ. ಸಂಬಳ ಸಾಲದೆ ಹೋದದ್ದಾದರೆ ಅದು ನಿಮ್ಮ ಹಿಡಿತದಲ್ಲೇ ಇತ್ತಲ್ಲ ಎಂದು ಇಲಾಖೆ ಕೇಳಬಹುದು.

ಈಗ ಇಲ್ಲದ ಯೋಜನಾ ಆಯೋಗವು ತಾಂತ್ರಿಕ ಸಲಹೆಗಾರರನ್ನು ಆರಿಸಲು ಸಿದ್ಧಪಡಿಸಿದ ಮಾದರಿ ದಾಖಲೆ ಇನ್ನೂ ಬಿಗಿ. ಅದರ ಜಾಡಿನ ಟೆಂಡರ್‌ಗಳು ನಮ್ಮಲ್ಲಿ ಬಹಳ. ಅದರಂತೆ ಅನಾರೋಗ್ಯ, ಅಶಕ್ತತೆ ಬಿಟ್ಟರೆ ಬದಲಿಯನ್ನು ಪರಿಗಣಿಸುವುದಿಲ್ಲ. ಒಪ್ಪಿದರೂ ಮೊದಲ ಬದಲಿಗೆ ಮೂಲ ತಜ್ಞನ ಸಂಭಾವನೆಯ ಶೇ 20ರಷ್ಟು ಕಡಿತ, ಎರಡನೆಯದಕ್ಕೆ ಶೇ 50. ತಂಡದ ನಾಯಕನ ಬದಲಿಯನ್ನು ಸಾಮಾನ್ಯವಾಗಿ ಒಪ್ಪುವುದೇ ಇಲ್ಲ, ಕರಾರೇ ರದ್ದಾಗಬಹುದು ಎಂಬ ಎಚ್ಚರಿಕೆಯೂ ಇದೆ.

ಹೋದದ್ದು ಮನುಷ್ಯ, ಕಡಿತ ಸಂಸ್ಥೆಗೆ ಏಕೆ? ಹೆಬ್ಬಾಳದ ಲೆಕ್ಕವನ್ನೇ ಮುಂದುವರಿಸಿದರೆ ತಿಳಿಯುತ್ತದೆ. ಹಿರಿಯರಿಗೆಂದು ಇಲಾಖೆ ಸಂಸ್ಥೆಗೆ ತಿಂಗಳಿಗೆ 4 ಲಕ್ಷ ಕೊಡುತ್ತಿದೆ ಎಂದುಕೊಳ್ಳಿ. ಸಂಸ್ಥೆ ಹಿರಿಯರಿಗೆ ಕೊಡುವ ಸಂಬಳ ಎರಡೂವರೆ ಲಕ್ಷ. ಉಳಿದದ್ದು ಕಚೇರಿ ಖರ್ಚು, ಲಾಭ. ಈಗ ಸಂಸ್ಥೆ 1 ಲಕ್ಷ 80 ಸಾವಿರ ಸಂಬಳಕ್ಕೆ ಒಬ್ಬರನ್ನು ತಂದು ಕೂರಿಸಿ, ಇಲಾಖೆಯಿಂದ ಅದೇ 4 ಲಕ್ಷ ಪಡೆದರೆ ತಿಂಗಳಿಗೆ 70 ಸಾವಿರ ಹೆಚ್ಚು ಉಳಿಯುತ್ತದೆ. ಬಾಕಿ 20 ತಿಂಗಳಿಗೆ 14 ಲಕ್ಷ. ಹಿರಿಯರು ಹೋದದ್ದು ಇಲಾಖೆಗೆ ನಷ್ಟ, ಸಂಸ್ಥೆಗೆ ಲಾಭ! ಬಾಕಿ 20 ತಿಂಗಳ 80 ಲಕ್ಷದ ಮೇಲೆ ಶೇ 20 ಎಂದರೆ 16 ಲಕ್ಷ ಕಡಿತವಾದಾಗ ಆ ಲಾಭ ಅಳಿಸಿಹೋಗುತ್ತದೆ. ಕಡಿತ ಶಿಕ್ಷೆಯಂತೆ ಕಂಡರೂ ಅದರ ಕೆಲಸ ಇಷ್ಟೇ: ಹಿರಿಯರಿಗೆ ಸಂಬಳ ಏರಿಸಿ ಉಳಿಸಿಕೊಳ್ಳುವುದು ಅವರನ್ನು ಕಳೆದುಕೊಳ್ಳುವುದಕ್ಕಿಂತ ಅಗ್ಗ ಎಂದು ಸಂಸ್ಥೆಗೆ ತೋರಬೇಕು.

ಇಲ್ಲೂ ಒಂದು ಸಿಕ್ಕು. ಶೇ 20 ಎಂದರೆ ಯಾವುದರ ಶೇ 20? 30 ತಿಂಗಳ ಪೂರ್ತಿ ಸಂಭಾವನೆ 1 ಕೋಟಿ 20 ಲಕ್ಷದ ಮೇಲೆ ಲೆಕ್ಕ ಹಾಕಿದರೆ 24 ಲಕ್ಷವಾಗುತ್ತದೆ. ಬಾಕಿ ತಿಂಗಳುಗಳ ಮೇಲಾದರೆ 16 ಲಕ್ಷ. ಮೂಲ ತಜ್ಞನಿಗೆ ನಿಗದಿಯಾದ ಸಂಭಾವನೆ ಎಂದಷ್ಟೇ ಬರೆದಿದ್ದರೆ ಇಬ್ಬರೂ ತಮಗೆ ಬೇಕಾದಂತೆ ಓದಬಹುದು. ಎಂಟು ಲಕ್ಷದ ಈ ಅಂತರಕ್ಕೆ ಪತ್ರ ವ್ಯವಹಾರ ತಿಂಗಳುಗಟ್ಟಲೆ ನಡೆಯುತ್ತದೆ. ಸಹಿ ಹಾಕುವ ಮುಂಚೆ ಒಂದು ಸಾಲು ಸೇರಿಸಿದ್ದರೆ ಉಳಿಯುತ್ತಿದ್ದ ತಂಟೆ ಇದು.

ಕರಾರು ರದ್ದುಮಾಡುವ ಬೆದರಿಕೆಯ ಕಥೆ ಬೇರೆ. ಕಂಬಗಳು ಅರ್ಧ ಎದ್ದು ನಿಂತಿರುವಾಗ ಮೇಲ್ವಿಚಾರಕರನ್ನು ಹೊರಹಾಕಿದರೆ ಹೊಸ ಟೆಂಡರ್ ಕರೆಯಬೇಕು, ಅಂಕ ಹಾಕಬೇಕು, ಒಪ್ಪಿಗೆ ಪಡೆಯಬೇಕು. ಅಷ್ಟು ದಿನ ಕಂಟ್ರಾಕ್ಟರ್ ಸುಮ್ಮನೆ ಕೂರುವುದಿಲ್ಲ, ತನ್ನ ಯಂತ್ರಗಳು ನಿಂತದ್ದಕ್ಕೆ ಪರಿಹಾರ ಕೇಳುತ್ತಾನೆ. ಇದು ಇಲಾಖೆಗೂ ಗೊತ್ತು, ಸಂಸ್ಥೆಗೂ ಗೊತ್ತು. ನಾಯಕನೇ ಹೊರಟರೂ ಮಾತುಕತೆ ಬದಲಿಯಲ್ಲೇ ಮುಗಿಯುವುದು ಅದಕ್ಕೇ.

‘ಸಮ ಅಥವಾ ಹೆಚ್ಚು’ ಎಂದರೆ

ಸಂಸ್ಥೆ ಬದಲಿಯ ಬಯೋಡೇಟಾ ಕಳಿಸಿತು. ಇವರಿಗೂ ಅಷ್ಟೇ ವರ್ಷದ ಅನುಭವ, ಸ್ನಾತಕೋತ್ತರ ಪದವಿ ಹಿರಿಯರಿಗಿಂತ ಒಂದು ಹೆಚ್ಚೇ. ‘ಅವರಿಗಿಂತ ಚೆನ್ನಾಗೇ ಮಾಡ್ತಾರೆ’ ಎಂಬ ಟ್ಯೂಷನ್ ಕಚೇರಿಯ ಮಾತು ಇಲ್ಲಿ ಲೆಟರ್‌ಹೆಡ್ಡಿನ ಮೇಲೆ ಬರುತ್ತದೆ.

ಅನುಭವಸ್ಥ ಅಧಿಕಾರಿ ಇಲ್ಲಿ ಹಳೆಯ ಅಂಕಪಟ್ಟಿಯನ್ನು ತೆಗೆಯುತ್ತಾರೆ. ಹಿರಿಯರಿಗೆ ಯಾವ ಯಾವ ಬಾಬಿಗೆ ಎಷ್ಟು ಅಂಕ ಕೊಟ್ಟು 19 ಮಾಡಲಾಗಿತ್ತೋ ಅದೇ ಬಾಬುಗಳಲ್ಲಿ ಹೊಸಬರಿಗೂ ಅಂಕ ಹಾಕಿ ನೋಡುತ್ತಾರೆ. ಪದವಿಗೆ ಪೂರ್ತಿ ಅಂಕ ಬಂತು. ಆದರೆ ಹೊಸಬರ ಅನುಭವವೆಲ್ಲ ಬಯಲುಸೀಮೆಯ ಹೆದ್ದಾರಿಯದು. ವಾಹನ ಓಡಾಡುತ್ತಿರುವಾಗಲೇ ನಗರದೊಳಗೆ ಸೇತುವೆ ಕಟ್ಟಿಸಿದ ಬಾಬಿನಲ್ಲಿ ಹೆಚ್ಚು ಸಿಗಲಿಲ್ಲ. ಒಟ್ಟು 14. ಟೆಂಡರ್ ದಿನ ಇವರ ಹೆಸರೇ ಇದ್ದಿದ್ದರೆ ‘ಅ’ಗೆ ಬರುತ್ತಿದ್ದದ್ದು 83.7, ಕೆಲಸ ‘ಆ’ ಪಾಲಾಗುತ್ತಿತ್ತು. ಇವರನ್ನು ಒಪ್ಪುವುದೆಂದರೆ ಸೋಲಬೇಕಾದ ತಂಡಕ್ಕೆ 40 ಲಕ್ಷ ಹೆಚ್ಚು ಕೊಟ್ಟಂತೆ. ಅಧಿಕಾರಿ ಬಯೋಡೇಟಾ ವಾಪಸು ಕಳಿಸುತ್ತಾರೆ. ಸಮ ಎನ್ನುವುದಕ್ಕೆ ವರ್ಷಗಳ ಎಣಿಕೆ ಸಾಲದು ಎಂದು ಹೇಳಲು ಇದಕ್ಕಿಂತ ಗಟ್ಟಿಯಾದ ದಾರಿ ಇಲ್ಲ.

ಆದರೆ ವಾಪಸು ಕಳಿಸಿದಷ್ಟು ದಿನವೂ ಕುರ್ಚಿ ಖಾಲಿ. ತಿಂಗಳ ಲೆಕ್ಕದಲ್ಲಿ ಹಣ ಕೊಡುವ ಕರಾರಾದರೆ ಇಲ್ಲದ ತಜ್ಞನಿಗೆ ಇಲಾಖೆ ಹಣ ಕೊಡಬೇಕಾಗಿಲ್ಲ. ಇಡೀ ಕೆಲಸಕ್ಕೆ ಒಂದೇ ಮೊತ್ತ ಎಂಬ ಕರಾರಾದರೆ ಖಾಲಿ ಕುರ್ಚಿಯ ಸಂಬಳ ಸಂಸ್ಥೆಗೆ ಉಳಿತಾಯ. ಯಾವ ಬಗೆಯ ಕರಾರು ಎಂಬುದನ್ನು ನೋಡಿದರೆ ಸಂಸ್ಥೆ ಬದಲಿ ಹುಡುಕಲು ಅವಸರ ಮಾಡುತ್ತದೋ ಇಲ್ಲವೋ ಎಂದು ಸುಮಾರಾಗಿ ಊಹಿಸಬಹುದು.

ಬರದೇ ಹೋದ ಹೆಸರುಗಳು

ಹೆಬ್ಬಾಳದ ಹಿರಿಯರು ಹತ್ತು ತಿಂಗಳಾದರೂ ದುಡಿದರು. ಇಷ್ಟೂ ಆಗದ ಪ್ರಕರಣಗಳಿವೆ. ಟೆಂಡರಿನಲ್ಲಿ ದೊಡ್ಡ ಹೆಸರು ತೋರಿಸಿ, ಕೆಲಸ ಸಿಕ್ಕಿದ ಮರುವಾರ ‘ಅವರಿಗೆ ಮೈಗೆ ಹುಷಾರಿಲ್ಲ’ ಎಂದು ಇನ್ನೊಬ್ಬರನ್ನು ಕಳಿಸುವುದು ಹಳೆಯ ತಂತ್ರ. ಒಬ್ಬರೇ ತಜ್ಞರ ಬಯೋಡೇಟಾ ನಾಲ್ಕು ಟೆಂಡರ್‌ಗಳಲ್ಲಿ ಇರುವುದೂ ಉಂಟು. ತನ್ನ ಹೆಸರು ಹೋಗಿದೆಯೆಂದು ತಜ್ಞನಿಗೇ ತಿಳಿಯದಿರುವುದೂ ಉಂಟು. ವಿಶ್ವಬ್ಯಾಂಕಿನ ನಿಯಮ ಇದಕ್ಕೆ ಖಡಾಖಂಡಿತ: ಟೆಂಡರ್ ಸಲ್ಲಿಸಿದ ದಿನ ತಜ್ಞ ಲಭ್ಯವಿರಲಿಲ್ಲ ಅಥವಾ ಒಪ್ಪಿಗೆ ಕೊಟ್ಟಿರಲಿಲ್ಲ ಎಂದು ಗೊತ್ತಾದರೆ ಆ ಪ್ರಸ್ತಾವವೇ ಅನರ್ಹ. ಹೆದ್ದಾರಿಗಳ ವಿಷಯದಲ್ಲಿ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2016ರಲ್ಲಿ ಇನ್‌ಫ್ರಾಕಾನ್ ಎಂಬ ಜಾಲತಾಣ ಆರಂಭಿಸಿ, ಸಲಹಾ ಸಂಸ್ಥೆಗಳೂ ಅವುಗಳ ತಜ್ಞರೂ ಅಲ್ಲಿ ನೋಂದಾಯಿಸುವಂತೆ ಮಾಡಿತು. ಅದನ್ನು ಆಧಾರ್‌ಗೆ, ಡಿಜಿಲಾಕರ್‌ಗೆ ಜೋಡಿಸಲಾಯಿತು. ಹೆಸರಿನ ಹಿಂದೆ ನಿಜವಾದ ಮನುಷ್ಯ, ನಿಜವಾದ ಪದವಿಪತ್ರ ಇದೆಯೇ ಎಂದು ನೋಡುವ ಉಪಾಯ ಅದು.

ತಪ್ಪು ಯಾವಾಗಲೂ ಸಂಸ್ಥೆಯದೇ ಎಂದುಕೊಳ್ಳಬೇಕಾಗಿಲ್ಲ. ಟೆಂಡರ್ ಸಲ್ಲಿಸಿದ ದಿನಕ್ಕೂ ಕೆಲಸದ ಆದೇಶ ಬರುವ ದಿನಕ್ಕೂ ನಡುವೆ ಆರು ತಿಂಗಳು, ಕೆಲವೊಮ್ಮೆ ವರ್ಷವೇ ಕಳೆಯಬಹುದು. ಒಳ್ಳೆಯ ತಜ್ಞ ಅಷ್ಟು ದಿನ ಕೈಕಟ್ಟಿ ಕೂರುತ್ತಾನೆಯೇ? ಮನೆ ನಡೆಯಬೇಕಲ್ಲ. ಇದನ್ನು ಬಲ್ಲ ವಿಶ್ವಬ್ಯಾಂಕಿನ ಮಾದರಿ ದಾಖಲೆ ಒಂದು ಕಿಂಡಿ ಬಿಟ್ಟಿದೆ. ಇಲಾಖೆಯೇ ಟೆಂಡರಿನ ಸಿಂಧುತ್ವದ ಅವಧಿಯನ್ನು ವಿಸ್ತರಿಸಿ, ಅಷ್ಟರಲ್ಲಿ ತಜ್ಞ ಕೈಬಿಟ್ಟು ಹೋಗಿದ್ದರೆ, ಸಂಸ್ಥೆ ಕಾರಣವನ್ನೂ ಪುರಾವೆಯನ್ನೂ ಕೊಟ್ಟು ಸಮಾನ ಅರ್ಹತೆಯ ಬದಲಿಯನ್ನು ತೋರಿಸಬಹುದು. ವಿಶೇಷವೆಂದರೆ ಅಂಕ ಮಾತ್ರ ಮೂಲ ತಜ್ಞನ ಬಯೋಡೇಟಾಕ್ಕೆ ಸಿಕ್ಕಿದ್ದೇ ಉಳಿಯುತ್ತದೆ. ಬದಲಿ ಇನ್ನೂ ದೊಡ್ಡ ಪಂಡಿತನಾದರೂ ಒಂದು ಅಂಕ ಹೆಚ್ಚುವುದಿಲ್ಲ.

ಬಚ್ಚಿಟ್ಟರೆ ಏನಾಗುತ್ತದೆ ಎಂಬುದಕ್ಕೆ ಲಂಡನ್ನಿನ ಒಂದು ಮೊಕದ್ದಮೆಯನ್ನು ವಕೀಲರು ಇಂದಿಗೂ ಉದಾಹರಿಸುತ್ತಾರೆ. ಫಿಟ್ಜ್‌ರಾಯ್ ರಾಬಿನ್ಸನ್ ಎಂಬ ವಾಸ್ತುಶಿಲ್ಪ ಸಂಸ್ಥೆ, ಮೆಂಟ್‌ಮೋರ್ ಎಂಬ ಹಳೆಯ ಬಂಗಲೆಯನ್ನು ಹೋಟೆಲ್ ಮಾಡುವ ಯೋಜನೆಯಲ್ಲಿತ್ತು. ಮಾಲೀಕರು ನಂಬಿದ್ದು ತಂಡದ ನಾಯಕನಾದ ವಾಸ್ತುಶಿಲ್ಪಿಯನ್ನು. 2006ರಲ್ಲಿ ಆತ ರಾಜೀನಾಮೆ ಕೊಟ್ಟದ್ದನ್ನು ಸಂಸ್ಥೆ ತಿಂಗಳುಗಟ್ಟಲೆ ಹೇಳಲಿಲ್ಲ. ಅದು ಬರೀ ಮರೆವಲ್ಲ, ವಂಚನೆ ಎಂದು 2009ರಲ್ಲಿ ಅಲ್ಲಿನ ಹೈಕೋರ್ಟು ತೀರ್ಪು ನೀಡಿತು. ಹಾಗೆಂದು ಮಾಡಿದ ಕೆಲಸದ ಶುಲ್ಕವೆಲ್ಲ ಮಾಫಿಯಾಗಲಿಲ್ಲ. ಮುಚ್ಚಿಟ್ಟದ್ದರಿಂದಲೇ ಆದ ನಷ್ಟ ಎಷ್ಟು ಎಂಬುದು ಬೇರೆ ಪ್ರಶ್ನೆ. ರಾಜೀನಾಮೆಗಿಂತ ಅದನ್ನು ಬಚ್ಚಿಟ್ಟದ್ದೇ ಸಂಸ್ಥೆಗೆ ಹೆಚ್ಚು ಕೆಟ್ಟ ಹೆಸರು ತಂದಿತು.

ಎಂಜಿನಿಯರಿಂಗ್ ಮುಗಿಸಿ ಯಶವಂತಪುರದ ಕಡೆಯೋ ಹೆಬ್ಬಾಳದ ಕಡೆಯೋ ಸಲಹಾ ಸಂಸ್ಥೆಯೊಂದನ್ನು ಸೇರುವ ಹುಡುಗ ಹುಡುಗಿಯರಿಗೆ ಈ ಷರತ್ತು ಎದುರಾಗುವುದು ಬಯೋಡೇಟಾದ ಕೊನೆಯ ಪುಟದಲ್ಲಿ. ಕೆಲಸ ಸಿಕ್ಕಿದರೆ ನಾನು ಲಭ್ಯನಿದ್ದೇನೆ, ಇದರಲ್ಲಿ ಬರೆದದ್ದೆಲ್ಲ ನಿಜ ಎಂಬ ಘೋಷಣೆ ಅಲ್ಲಿರುತ್ತದೆ, ಕೆಳಗೆ ಸಹಿಗೆ ಜಾಗ. ನಾಳೆ ಟೆಂಡರಿನ ಕೊನೆಯ ದಿನ, ಬೇಗ ಸಹಿ ಹಾಕಿ ಎಂದು ಸಂಜೆ ಆರಕ್ಕೆ ಹಾಳೆ ಮುಂದಿಟ್ಟಾಗ ಓದದೆ ಸಹಿ ಹಾಕುವವರೇ ಹೆಚ್ಚು. ಮಾಡದ ಸೇತುವೆಯನ್ನು ಮಾಡಿದೆನೆಂದು ಯಾರೋ ಸೇರಿಸಿದ್ದರೂ ಸಹಿ ನಿಮ್ಮದೇ. ಯಾವ ಟೆಂಡರಿಗೆ, ಎಷ್ಟು ತಿಂಗಳಿಗೆ ಹೆಸರು ಹೋಗುತ್ತಿದೆ ಎಂದು ಕೇಳಿ, ಒಂದು ಪ್ರತಿ ತೆಗೆದಿಟ್ಟುಕೊಳ್ಳುವುದಕ್ಕೆ ಎರಡು ನಿಮಿಷ ಬೇಕು.

ಕೈ ಬದಲಾಗುವ ಎರಡು ವಾರ

ಹೆಬ್ಬಾಳಕ್ಕೆ ಮರಳೋಣ. ಸಂಸ್ಥೆ ಎರಡನೆಯ ಬಯೋಡೇಟಾ ಕಳಿಸಿತು. ಅಂಕ ಹಾಕಿ ನೋಡಿದಾಗ 19 ಬಂತು. ಇಲಾಖೆ ಕರೆಸಿ ಮಾತನಾಡಿಸಿ ಒಪ್ಪಿತು. 16 ಲಕ್ಷದ ಕಡಿತವನ್ನು ಬಿಲ್ಲುಗಳಲ್ಲಿ ಹಂಚಿ ಮುರಿದುಕೊಳ್ಳುವುದೆಂದಾಯಿತು. ಅದರ ಜೊತೆಗೆ ಅಧಿಕಾರಿ ಇನ್ನೊಂದು ಮಾತು ಹಾಕಿದರು. ಹಿರಿಯರ ನೋಟಿಸ್ ಅವಧಿಯ ಕೊನೆಯ ಎರಡು ವಾರ ಹೊಸಬರೂ ಸೈಟಿನಲ್ಲಿರಬೇಕು, ಆ ದಿನಗಳಿಗೆ ಇಬ್ಬರ ಹಣ ಕೊಡುವುದಿಲ್ಲ.

ಕಡಿತದ ಹಣಕ್ಕಿಂತ ಈ ಎರಡು ವಾರ ಬೆಲೆಬಾಳುವಂಥದ್ದು. ನಕ್ಷೆ, ಪತ್ರ, ತಪಾಸಣೆಯ ರಿಜಿಸ್ಟರ್ ಇವೆಲ್ಲ ಕಪಾಟಿನಲ್ಲಿ ಸಿಗುತ್ತವೆ. ಸಿಗದಿರುವುದು ಕಾರಣಗಳು. ಏಳನೆಯ ಕಂಬದ ಪೈಲ್ ನಕ್ಷೆಯಲ್ಲಿರುವುದಕ್ಕಿಂತ 60 ಸೆಂಟಿಮೀಟರ್ ಪಕ್ಕಕ್ಕೆ ಏಕೆ ಹೋಯಿತು? ಅಗೆದಾಗ ಯಾರ ನಕ್ಷೆಯಲ್ಲೂ ಇಲ್ಲದ ಹಳೆಯ ನೀರಿನ ಕೊಳವೆ ಸಿಕ್ಕಿತ್ತು. ವಿನ್ಯಾಸದವರಿಗೆ ಫೋನು ಮಾಡಿ ಒಪ್ಪಿಗೆ ಪಡೆದು, ಪತ್ರ ಆಮೇಲೆ ಕಳಿಸಿದರಾಯಿತು ಎಂದುಕೊಂಡದ್ದು ಹಾಗೇ ಉಳಿಯಿತು. ಇದನ್ನು ತಿಳಿಯದ ಹೊಸ ನಾಯಕ ಅದನ್ನು ಕಂಟ್ರಾಕ್ಟರನ ತಪ್ಪೆಂದು ಬಗೆದು ಕೆಲಸ ನಿಲ್ಲಿಸಬಹುದು. ಇಲ್ಲವೇ ಸುಮ್ಮನಿದ್ದು, ಎಂಟನೆಯ ಕಂಬಕ್ಕೆ ಅಗೆಯುವಾಗ ಅದೇ ಕೊಳವೆಯನ್ನು ಒಡೆಸಬಹುದು.

ಸೈಟಿನಲ್ಲಿ ನಿಜವಾಗಿ ಕೈ ಬದಲಾಗಿದೆಯೇ ಎಂದು ಅಧಿಕಾರಿಗೆ ತಿಳಿಯುವುದು ಹಾಜರಿ ಪುಸ್ತಕದಿಂದಲ್ಲ. ಅದರಲ್ಲಿ ಎಲ್ಲರೂ ಹಾಜರಿರುತ್ತಾರೆ. ಕಾಂಕ್ರೀಟಿಗೆ ಮುಂಚೆ ಕಂಟ್ರಾಕ್ಟರ್ ಕೊಡುವ ತಪಾಸಣೆಯ ಕೋರಿಕೆಯ ಹಾಳೆಯಲ್ಲಿ ‘ಕಂಬಿಗಳ ನಡುವಿನ ಅಂತರ ಸರಿಪಡಿಸಿ’ ಎಂಬಂಥ ಟಿಪ್ಪಣಿ ಯಾರ ಕೈಬರಹದಲ್ಲಿದೆ ಎಂಬುದರಿಂದ ತಿಳಿಯುತ್ತದೆ. ಬರೀ ಸಹಿ ಇದ್ದು ಟಿಪ್ಪಣಿಯೇ ಇಲ್ಲದ ಹಾಳೆಗಳು ವಾರಗಟ್ಟಲೆ ಬಂದರೆ ಹೊಸ ನಾಯಕ ಕುರ್ಚಿ ಬಿಟ್ಟು ಎದ್ದಿಲ್ಲವೆಂದೇ ಅರ್ಥ.

ಕೊನೆಯ ದಿನ ಹಿರಿಯರು ಹೊಸಬರನ್ನು ಕೆರೆಯ ಬದಿಗೆ ಕರೆದುಕೊಂಡು ಹೋಗಿ, ಏಳನೆಯ ಕಂಬದಿಂದ ಹೆಜ್ಜೆ ಎಣಿಸುತ್ತ ಕೊಳವೆ ಹೋಗಿರುವ ದಿಕ್ಕನ್ನು ತೋರಿಸಿದರು. ಸಂಜೆ ಶೆಡ್ಡಿನಲ್ಲಿ ಕೂತು ಅದನ್ನು ಒಂದು ಹಾಳೆಯ ಮೇಲೆ ಬರೆದು, ತಾರೀಖು ಹಾಕಿ, ಇಬ್ಬರೂ ಸಹಿ ಮಾಡಿ ಇಲಾಖೆಗೂ ವಿನ್ಯಾಸದವರಿಗೂ ಒಂದೊಂದು ಪ್ರತಿ ಕಳಿಸಿದರು.